ಮಧ್ಯಾಹ್ನ ನೀಲಿ, ಸಂಜೆ ಕೆಂಪು: ಆಕಾಶ ಬಣ್ಣ ಬದಲಿಸೋದು ಯಾಕೆ?

ಪ್ರಶ್ನೆ: ಮಧ್ಯಾಹ್ನ ನೀಲಿ ಇರೋ ಆಕಾಶ, ಸಂಜೆ ಬೇಕಲ ಕೋಟೆ ಮೇಲೆ ನಿಂತು ನೋಡಿದ್ರೆ ಕೆಂಪಾಗೋದು ಯಾಕೆ? ಸಮುದ್ರದ ಬಣ್ಣ ಕಾರಣವಾ?

ಉತ್ತರ: ಸಮುದ್ರದ ಪಾತ್ರ ಇಲ್ಲ. ಕಡಲೇ ಕಾಣದ ಮಡಿಕೇರಿಯಲ್ಲೂ ಆಕಾಶ ನೀಲಿಯೇ ಅಲ್ವಾ?

ಬಿಸಿಲಿನಲ್ಲಿ ಎಲ್ಲಾ ಬಣ್ಣಗಳೂ ಬೆರೆತಿವೆ. ಗಾಳಿಯ ಅಣುಗಳು ಈ ಬೆಳಕನ್ನು ಸುತ್ತಲೂ ಚದುರಿಸುತ್ತವೆ. ಆದರೆ ಎಲ್ಲಾ ಬಣ್ಣವನ್ನೂ ಒಂದೇ ಸಮ ಅಲ್ಲ. ನೀಲಿಯ ಅಲೆ ಗಿಡ್ಡ, ಕೆಂಪಿನದು ಉದ್ದ. ಗಿಡ್ಡ ಅಲೆ ಜಾಸ್ತಿ ಚದುರುತ್ತದೆ. ನೀಲಿ ಚದುರುವುದು ಕೆಂಪಿಗಿಂತ ಸುಮಾರು 5 ಪಟ್ಟು ಹೆಚ್ಚು. ಹಾಗಾಗಿ ಮಧ್ಯಾಹ್ನ ಎತ್ತ ನೋಡಿದರೂ ಚದುರಿದ ನೀಲಿಯೇ ಕಣ್ಣಿಗೆ ಬರುತ್ತದೆ. ನೇರಳೆಯ ಅಲೆ ಇನ್ನೂ ಗಿಡ್ಡ, ನಿಜ. ಆದರೆ ಬಿಸಿಲಿನಲ್ಲಿ ಅದು ಕಡಿಮೆ, ನಮ್ಮ ಕಣ್ಣಿಗೂ ಅದು ಅಷ್ಟಾಗಿ ಹತ್ತುವುದಿಲ್ಲ.

ಇನ್ನು ಸಂಜೆ. ಏಪ್ರಿಲ್ ಕೊನೆಯ ಮಧ್ಯಾಹ್ನ ಕಾಸರಗೋಡಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ, ಬೆಳಕು ಗಾಳಿಯನ್ನು ನೇರವಾಗಿ ದಾಟಿ ಬರುತ್ತದೆ. ಮುಳುಗುವಾಗ ಅದೇ ಬೆಳಕು ಓರೆಯಾಗಿ, ಸುಮಾರು 40 ಪಟ್ಟು ಹೆಚ್ಚು ಗಾಳಿ ದಾಟಬೇಕು. ಅಷ್ಟರಲ್ಲಿ ನೀಲಿ ದಾರಿಯಲ್ಲೇ ಚದುರಿ ಹೋಗಿರುತ್ತದೆ. ನಮ್ಮ ತನಕ ಮುಟ್ಟುವುದು ಉಳಿದ ಕಿತ್ತಳೆ, ಕೆಂಪು.

ಮನೆಯಲ್ಲೇ ನೋಡಬೇಕಾ? ಗ್ಲಾಸಿನ ನೀರಿಗೆ ಕೆಲವೇ ಹನಿ ಹಾಲು ಹಾಕಿ, ಕತ್ತಲಲ್ಲಿ ಒಂದು ಬದಿಯಿಂದ ಟಾರ್ಚ್ ಬಿಡಿ. ಪಕ್ಕದಿಂದ ನೋಡಿದರೆ ನೀರು ತುಸು ನೀಲಿ, ಎದುರಿನಿಂದ ನೋಡಿದರೆ ಟಾರ್ಚೇ ಹಳದಿ-ಕಿತ್ತಳೆ. ಹಾಲು ಜಾಸ್ತಿಯಾದರೆ ಮಾತ್ರ ಸುಮ್ನೆ ಬಿಳಿ ಕಾಣುತ್ತದೆ.