ಇನ್ಸುಲಿನ್ ಚುಚ್ಚುವ ಜಾಗದ ಗಂಟು, ಗುಳಿ ಮತ್ತು ಇನ್ಫೆಕ್ಷನ್

ಪ್ರಶ್ನೆ: ಅಮ್ಮ ಆರು ವರ್ಷದಿಂದ ಇನ್ಸುಲಿನ್ ತಗೋತಿದ್ದಾರೆ. ಹೊಕ್ಕುಳಿನ ಪಕ್ಕ ಗಟ್ಟಿ ಗಂಟಾಗಿದೆ, ನೋವಿಲ್ಲ ಅಂತಾರೆ. ತೊಡೆಯಲ್ಲಿ ಒಂದು ಕಡೆ ಗುಳಿ ಬಿದ್ದಿದೆ. ಇದು ಇನ್ಫೆಕ್ಷನ್ನಾ? ಕೀವು ತೆಗೆಸಬೇಕಾ?

ನಾನು ಶುಗರ್ ಕ್ಲಿನಿಕ್ ಒಂದರಲ್ಲಿ ನರ್ಸ್. ನೀವು ಹೇಳಿದ ಪ್ರಕಾರ ಆ ಗಂಟು ಇನ್ಫೆಕ್ಷನ್ ಥರ ಕಾಣುವುದಿಲ್ಲ. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಅದನ್ನು ಹಿಂಡಬೇಡಿ, ಬಿಸಿ ಶಾಖ ಕೊಡಬೇಡಿ, ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ಕೊಡಬೇಡಿ.

ಇನ್ಸುಲಿನ್ ಕೊಬ್ಬನ್ನು ಬೆಳೆಸುತ್ತದೆ. ದಿನವೂ ಒಂದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಚರ್ಮದ ಕೆಳಗಿನ ಕೊಬ್ಬು ಉಬ್ಬಿ, ನಾರು ಸೇರಿಕೊಂಡು, ರಬ್ಬರಿನಂಥ ಗಂಟಾಗುತ್ತದೆ. ಲಿಪೋಹೈಪರ್‌ಟ್ರೋಫಿ ಅಂತಾರೆ. ಒಂದೇ ಸೂಜಿಯನ್ನು ಮತ್ತೆ ಮತ್ತೆ ಬಳಸಿದರೆ ಇದು ಇನ್ನೂ ಜಾಸ್ತಿ. ಗುಳಿ ಇದರ ಉಲ್ಟಾ: ಅಲ್ಲಿ ಕೊಬ್ಬು ಕರಗಿ ಹೋಗಿರುತ್ತದೆ. ದನ, ಹಂದಿಯ ಇನ್ಸುಲಿನ್ ಬಳಸುತ್ತಿದ್ದ ಕಾಲದಲ್ಲಿ ಗುಳಿ ಸಾಮಾನ್ಯವಾಗಿತ್ತು. ಈಗಿನ ಇನ್ಸುಲಿನ್‌ನಲ್ಲಿ ಅಪರೂಪ. ಹಾಗಾಗಿ ಗುಳಿ ಇದೆ ಅನ್ನುವುದನ್ನು ಡಾಕ್ಟರಿಗೆ ತಪ್ಪದೆ ಹೇಳಿ, ಇನ್ಸುಲಿನ್ ಬದಲಿಸುವ ಯೋಚನೆ ಮಾಡಬಹುದು.

ಇನ್ಫೆಕ್ಷನ್ ಬರುವ ರೀತಿಯೇ ಬೇರೆ. ಗಂಟು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ಮೇಲಿನ ಚರ್ಮದ ಬಣ್ಣ ಹಾಗೇ ಇರುತ್ತದೆ. ಇನ್ಫೆಕ್ಷನ್ ಎರಡು ಮೂರು ದಿನದಲ್ಲೇ ಏಳುತ್ತದೆ. ಜಾಗ ಕೆಂಪಾಗುತ್ತದೆ, ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣದೆ ಸುತ್ತಲಿಗಿಂತ ಗಾಢವಾಗಿ ಕಾಣಬಹುದು. ಅದಕ್ಕೇ ಕೈಯಿಂದ ನೋಡಿ. ನಿಮ್ಮ ಅಂಗೈಯ ಹಿಂಭಾಗವನ್ನು ಮೊದಲು ಗಂಟಿನ ಮೇಲೆ, ಆಮೇಲೆ ಹೊಟ್ಟೆಯ ಇನ್ನೊಂದು ಬದಿಯಲ್ಲಿ ಇಡಿ. ಗಂಟಿನ ಕಡೆ ಬಿಸಿ ಜಾಸ್ತಿ ಇದ್ದರೆ, ಮುಟ್ಟಿದರೆ ನೋವಾದರೆ, ಊತ ದಿನದಿಂದ ದಿನಕ್ಕೆ ಹರಡುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶುಗರ್ ಇರುವವರಲ್ಲಿ ಇನ್ಫೆಕ್ಷನ್ ಬೇಗ ಏರುತ್ತದೆ, ಕಾಯಬಾರದು.

ಇನ್ಫೆಕ್ಷನ್ ಅಲ್ಲ ಅಂದ ಮಾತ್ರಕ್ಕೆ ಗಂಟನ್ನು ಸುಮ್ನೆ ಬಿಡುವ ಹಾಗಿಲ್ಲ. ಗಂಟಿನೊಳಗೆ ಹೋದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಮ್ಮೆ ತಡವಾಗಿ ಸೇರುತ್ತದೆ, ಇನ್ನೊಮ್ಮೆ ಕಡಿಮೆ. ನಮ್ಮಲ್ಲಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರಿಗೆ ಹೀಗೇ ಆಗಿತ್ತು. ಬೆಳಿಗ್ಗೆ 30, ರಾತ್ರಿ 20 ಯೂನಿಟ್ ಮಿಕ್ಸ್ ಇನ್ಸುಲಿನ್. ಖಾಲಿ ಹೊಟ್ಟೆಯ ಶುಗರ್ ಒಂದು ದಿನ 250, ಮತ್ತೊಂದು ದಿನ ಮಧ್ಯಾಹ್ನ ಊಟಕ್ಕೆ ಮುಂಚೆ 60ಕ್ಕೆ ಇಳಿದು ಬೆವರು, ಕೈನಡುಕ. ಪಥ್ಯ ತಪ್ಪಿದ್ದೀರಿ ಅಂತ ಮನೆಯವರು ಬೈಯುತ್ತಿದ್ದರು. ಬಟ್ಟೆ ಸರಿಸಿ ನೋಡಿದರೆ ಹೊಕ್ಕುಳಿನ ಎಡಕ್ಕೆ ನಿಂಬೆಹಣ್ಣಿನಷ್ಟು ಗಂಟು. "ಅಲ್ಲಿ ಚುಚ್ಚಿದ್ರೆ ನೋವೇ ಆಗಲ್ಲ ಸಿಸ್ಟರ್" ಅಂದರು. ಗಂಟಿನಲ್ಲಿ ನೋವು ಕಡಿಮೆ, ಅದಕ್ಕೇ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಜಾಗ ಬದಲಿಸುವಾಗ ಹುಷಾರಾಗಿರಬೇಕು. ಹೊಸ ಜಾಗದಲ್ಲಿ ಇನ್ಸುಲಿನ್ ಪೂರ್ತಿ ಸೇರುತ್ತದೆ, ಹಳೆಯ ಡೋಸೇ ಹಾಕಿದರೆ ಶುಗರ್ ಪಟ್ಟನೆ ಇಳಿಯಬಹುದು. ಮೇಷ್ಟ್ರಿಗೆ ಡಾಕ್ಟರ್ ಡೋಸನ್ನು ಐದರಲ್ಲೊಂದು ಭಾಗ ಇಳಿಸಿ 24 ಮತ್ತು 16 ಮಾಡಿದರು. ಮೊದಲ ದಿನಗಳಲ್ಲಿ ಊಟಕ್ಕೆ ಮುಂಚೆ ಮತ್ತು ಮಲಗುವಾಗ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಲು ಹೇಳಿದರು. ಏರುಪೇರು ಕಡಿಮೆಯಾಯಿತು. ಗಂಟು ಮೆತ್ತಗಾಗಲು ತಿಂಗಳುಗಳೇ ಬೇಕಾದವು. ನಿಮ್ಮಮ್ಮನಿಗೆ ಎಷ್ಟು ಇಳಿಸಬೇಕು ಅಂತ ಅವರ ಡಾಕ್ಟರೇ ಹೇಳಬೇಕು, ನೀವಾಗಿ ಇಳಿಸಬೇಡಿ.

ಎಲ್ಲ ಗಂಟೂ ಕಣ್ಣಿಗೆ ಕಾಣುವುದಿಲ್ಲ. ಸ್ನಾನದ ಹೊತ್ತಿಗೆ ಸೋಪು ಹಚ್ಚಿದ ಬೆರಳನ್ನು ಹೊಟ್ಟೆ, ತೊಡೆಯ ಮೇಲೆ ನಿಧಾನವಾಗಿ ಆಡಿಸಿದರೆ ಗಟ್ಟಿ ಜಾಗ ಕೈಗೆ ತಡೆಯುತ್ತದೆ. ಒಳ್ಳೆ ಚರ್ಮವನ್ನು ಎರಡು ಬೆರಳಲ್ಲಿ ಸುಲಭವಾಗಿ ಹಿಡಿಯಬಹುದು, ಗಂಟಿನ ಕಡೆ ಹಿಡಿತಕ್ಕೆ ಬರುವುದಿಲ್ಲ. ಸಿಕ್ಕ ಗಂಟಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಡಾಕ್ಟರಿಗೆ ತೋರಿಸಿ. ಅವರಿಂದ ಡೋಸ್ ಕೇಳಿಕೊಂಡು, ಆ ಗೆರೆಯೊಳಗೆ ಮತ್ತು ಗುಳಿಯಲ್ಲಿ ಚುಚ್ಚುವುದನ್ನು ನಿಲ್ಲಿಸಿ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗ ಬಳಸಿ. ಆ ಭಾಗದಲ್ಲೂ ನಿನ್ನೆ ಚುಚ್ಚಿದ ಜಾಗದಿಂದ ಒಂದು ಬೆರಳಗಲ ದೂರ, ಪ್ರತಿ ಸಲ ಹೊಸ ಸೂಜಿ. ಜಾಗ ಬದಲಿಸಿದ ದಿನದಿಂದ ಅಮ್ಮನ ಕೈಗೆಟುಕುವಂತೆ ಗ್ಲೂಕೋಸ್ ಅಥವಾ ಸಕ್ಕರೆ ಇಟ್ಟಿರಿ. ಬೆವರು, ನಡುಕ, ಮಂಕು ಬಂದರೆ ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ನುಂಗಲು ಆಗದಷ್ಟು ಮಂಕಾಗಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.