ಸ್ಟಾಪರ್ ಆಡಿದವನಿಗೆ ಐದು ಜನರ ಒಳಾಂಗಣ ಆಟದಲ್ಲಿ ಏನು ಬದಲಾಗುತ್ತದೆ?

"ಮೂರು ವರ್ಷ ಹನ್ನೊಂದು ಜನರ ತಂಡದಲ್ಲಿ ಸ್ಟಾಪರ್ ಆಗಿದ್ದೆ. ಈಗ ಮೊದಲ ಸಲ ಐದು ಜನರ ಒಳಾಂಗಣ ಟೂರ್ನಿ ಆಡ್ತಿದ್ದೇನೆ. ಅಂಗಳ ಚಿಕ್ಕದು, ಆಫ್‌ಸೈಡ್ ಇಲ್ಲ, ಅಷ್ಟು ಗೊತ್ತು. ಅದು ಬಿಟ್ಟರೆ ಆಟ ಒಂದೇ ಅಲ್ವಾ?"

ನಾನೂ ಸ್ಟಾಪರ್ ಆಡಿದವನೇ. ನಿಮ್ಮ ಹಾಗೇ ಅಂದುಕೊಂಡು ಹೋಗಿ ಮೊದಲ ಟೂರ್ನಿಯಲ್ಲೇ ನಮ್ಮ ತಂಡವನ್ನು ಮುಳುಗಿಸಿದೆ. ಆ ಕಥೆ ಆಮೇಲೆ ಹೇಳ್ತೀನಿ.

ಮೊದಲು ಆಯೋಜಕರನ್ನು ಒಂದು ಮಾತು ಕೇಳಿ: ಆಡಿಸುವುದು ಫಿಫಾದ ಫುಟ್ಸಾಲ್ ನಿಯಮದಲ್ಲೋ, ಸುತ್ತ ಗೋಡೆ ಇರುವ ಅಂಗಳದಲ್ಲೋ? ಗೋಡೆ ಇದ್ದರೆ ಚೆಂಡು ಹೊರಗೇ ಹೋಗುವುದಿಲ್ಲ, ನಿಯಮಗಳೂ ಊರಿಗೊಂದು. ನಾನು ಬರೆಯುತ್ತಿರುವುದು ಫುಟ್ಸಾಲ್ ಬಗ್ಗೆ.

ಅಂಗಳ ಚಿಕ್ಕದು ಅಂದರೆ ಎಷ್ಟು ಚಿಕ್ಕದು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನದಲ್ಲಿ ತಲೆಗೆ ಸುಮಾರು 325 ಚದರ ಮೀಟರ್ ಜಾಗ ಸಿಗುತ್ತದೆ. 40ಕ್ಕೆ 20 ಮೀಟರಿನ ಫುಟ್ಸಾಲ್ ಅಂಗಳದಲ್ಲಿ ಸಿಗುವುದು 80. ದೊಡ್ಡ ಮೈದಾನದಲ್ಲಿ ಚೆಂಡು ಎಲ್ಲೋ ದೂರದಲ್ಲಿದ್ದಾಗ ಸ್ಟಾಪರ್ ಉಸಿರು ತೆಗೆದುಕೊಂಡು, ನಾಲ್ವರನ್ನು ಒಂದೇ ಸಾಲಿಗೆ ತಂದು, ಎದುರಾಳಿಯನ್ನು ಆಫ್‌ಸೈಡಿಗೆ ಬಿಟ್ಟು ನಿಲ್ಲಬಹುದು. ಇಲ್ಲಿ ಆ ಸಾಲೇ ಇಲ್ಲ. ಎದುರಾಳಿಯ ಪಿವೊ, ಅಂದರೆ ಎಲ್ಲರಿಗಿಂತ ಮುಂದೆ ನಿಲ್ಲುವ ಫಾರ್ವರ್ಡ್, ನಿಮ್ಮ ಗೋಲಿನ ಹತ್ತಿರವೇ ನಿಮಗೆ ಬೆನ್ನು ಕೊಟ್ಟು ನಿಂತಿರುತ್ತಾನೆ, ಅವನನ್ನು ಅಲ್ಲಿಂದ ಹೊರಗೆ ತಳ್ಳಲು ಯಾವ ನಿಯಮವೂ ಇಲ್ಲ. ಹಾಗಾಗಿ ನೀವು ಕಾಯುವುದು ಜಾಗವನ್ನಲ್ಲ, ಆಳನ್ನು. ಅವನಿಗೂ ಗೋಲಿಗೂ ನಡುವೆ ನೀವಿರಬೇಕು, ಒಂದು ಕಣ್ಣು ಚೆಂಡಿನ ಮೇಲಿರಬೇಕು.

ಸ್ಟಾಪರ್‌ಗಳನ್ನು ಹೆಚ್ಚು ಕಾಡುವುದು ಗೋಲ್‌ಕೀಪರ್ ನಿಯಮ. ದೊಡ್ಡ ಮೈದಾನದಲ್ಲಿ ಒತ್ತಡ ಬಂದ ಕೂಡಲೇ ನಾವೇನು ಮಾಡುತ್ತೇವೆ? ಕೀಪರ್‌ಗೆ ಹಿಂದಕ್ಕೆ ಕೊಡುತ್ತೇವೆ, ಅವನು ಕೈಯಲ್ಲಿ ಮುಟ್ಟದಿದ್ದರೆ ಸಾಕು, ಎಷ್ಟು ಸಲ ಬೇಕಾದರೂ ಕೊಡಬಹುದು. ಇಲ್ಲಿ ಕೀಪರ್ ಒಮ್ಮೆ ಚೆಂಡು ಆಡಿಬಿಟ್ಟರೆ, ಎದುರಾಳಿ ಅದನ್ನು ಮುಟ್ಟುವ ತನಕ ನೀವು ಬೇಕೆಂದೇ ಕೊಟ್ಟ ಪಾಸನ್ನು ಅವನು ತನ್ನ ಅರ್ಧದಲ್ಲಿ ಕಾಲಿನಿಂದಲೂ ಮುಟ್ಟುವಂತಿಲ್ಲ. ಮುಟ್ಟಿದರೆ ಎದುರಾಳಿಗೆ ಪರೋಕ್ಷ ಫ್ರೀ ಕಿಕ್. ತನ್ನ ಅರ್ಧದಲ್ಲಿ ಅವನು ಚೆಂಡನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿದಿಟ್ಟುಕೊಂಡರೂ ಅದೇ ಶಿಕ್ಷೆ. ಚೆಂಡು ಗೋಲ್ ಗೆರೆ ದಾಟಿ ಹೊರಗೆ ಹೋದಾಗ ಕೀಪರ್ ಅದನ್ನು ಕೈಯಿಂದ ಎಸೆದು ಆಟ ಶುರು ಮಾಡುತ್ತಾನಲ್ಲ, ಅದೂ 'ಒಮ್ಮೆ ಆಡಿದ' ಲೆಕ್ಕಕ್ಕೇ ಸೇರುತ್ತದೆ. ಅಂದರೆ ಅವನು ನಿಮಗೆ ಎಸೆದ ಕ್ಷಣದಿಂದ ಹಿಂದಿನ ಬಾಗಿಲು ಮುಚ್ಚಿತು. ಎದುರಾಳಿಗಳಿಗೂ ಇದು ಗೊತ್ತು, ಅದಕ್ಕೇ ಎಸೆತ ನಿಮ್ಮ ಕಾಲಿಗೆ ಬಂದ ಕೂಡಲೇ ಮೇಲೆ ಬೀಳುತ್ತಾರೆ. ಅಭ್ಯಾಸ ಮಾಡುವುದಾದರೆ ಇದನ್ನೇ ಮಾಡಿ: ಚೆಂಡು ಬರುವ ಮೊದಲು ಭುಜದ ಮೇಲಿಂದ ಒಮ್ಮೆ ನೋಡುವುದು, ಅಂಗಾಲಿನಡಿ ಚೆಂಡನ್ನು ತಡೆಯುವುದು, ಪಕ್ಕದವನಿಗೆ ಕೊಟ್ಟು ತಕ್ಷಣ ಬೇರೆ ಜಾಗಕ್ಕೆ ಓಡುವುದು. ಕೊಟ್ಟು ನಿಂತರೆ ನಿಮ್ಮವನಿಗೆ ವಾಪಸ್ ಕೊಡಲು ಯಾರೂ ಇರುವುದಿಲ್ಲ. ಫುಟ್ಸಾಲ್ ಚೆಂಡು ಚಿಕ್ಕದು, ಬೇಕೆಂದೇ ಪುಟಿತ ಕಡಿಮೆ ಮಾಡಿರುತ್ತಾರೆ, ಅಂಗಾಲಿನಡಿ ಚೆನ್ನಾಗಿ ನಿಲ್ಲುತ್ತದೆ. ಮೊದಲ ದಿನ ಸತ್ತ ಚೆಂಡಿನ ಹಾಗೆ ಅನ್ನಿಸುತ್ತದೆ, ಅದು ಬೇರೆ ಮಾತು.

ಏನೂ ತೋಚದಿದ್ದರೆ ಗ್ಯಾಲರಿಗೆ ಬಾರಿಸು ಅನ್ನುವ ನಮ್ಮ ಹಳೇ ಔಷಧ ಇಲ್ಲಿ ಅರ್ಧಕ್ಕರ್ಧ ಕೆಲಸ ಮಾಡುವುದಿಲ್ಲ. 20 ನಿಮಿಷದ ಎರಡು ಅವಧಿ, ಚೆಂಡು ಹೊರಗೆ ಹೋದಾಗ ಗಡಿಯಾರ ನಿಲ್ಲುತ್ತದೆ. ಥ್ರೋ-ಇನ್ ಬದಲು ಗೆರೆಯ ಮೇಲೆ ಚೆಂಡಿಟ್ಟು ಕಾಲಿನಿಂದ ಒಳಗೆ ಕೊಡುತ್ತಾರೆ, ಅದಕ್ಕೂ ನಾಲ್ಕೇ ಸೆಕೆಂಡು. ನೀವು ಸಮಯ ಕದ್ದಂತೆ ಆಗುವುದಿಲ್ಲ.

ಈಗ ಆ ಕಥೆ. ಇಲ್ಲಿ ಪ್ರತಿ ಅವಧಿಯಲ್ಲೂ ತಂಡದ ಫೌಲ್‌ಗಳನ್ನು ಎಣಿಸುತ್ತಾರೆ. ನೇರ ಫ್ರೀ ಕಿಕ್ ಅಥವಾ ಪೆನಾಲ್ಟಿ ಸಿಗುವಂಥ ಫೌಲ್ ಯಾರು ಮಾಡಿದರೂ ಲೆಕ್ಕ ತಂಡದ್ದು. ಐದರ ತನಕ ಫ್ರೀ ಕಿಕ್‌ಗೆ ಅಡ್ಡಲಾಗಿ ಆಟಗಾರರ ಗೋಡೆ ಕಟ್ಟಬಹುದು. ಆರನೆಯದರಿಂದ ಗೋಡೆ ಇಲ್ಲ: ಗೋಲಿನಿಂದ 10 ಮೀಟರ್ ದೂರದ ಗುರುತಿನಿಂದ ಎದುರಾಳಿ ನೇರ ಹೊಡೆಯುತ್ತಾನೆ, ಕೀಪರ್ ಒಬ್ಬನೇ ಎದುರಿಗೆ. ಫೌಲ್ ನಿಮ್ಮ ಗೋಲಿನಿಂದ ಎಷ್ಟೇ ದೂರದಲ್ಲಿ ಆಗಿದ್ದರೂ ಅಷ್ಟೇ.

ಎರಡನೇ ಅವಧಿ, ಆರು ನಿಮಿಷ ಬಾಕಿ, ನಾವು 3-2 ಮುಂದೆ. ನಮ್ಮ ಫೌಲ್ ಆಗಲೇ ಐದು, ಅದರಲ್ಲಿ ಮೂರು ನನ್ನವು. ಪಿವೊ ಬೆನ್ನಿಗೆ ಕೈ ಹಾಕಿ ತಳ್ಳಿದ್ದು ಎರಡು. ಇನ್ನೊಂದು ಅವರ ಅರ್ಧದಲ್ಲೇ ಓಟ ಕಡಿಯಲು ಅಂಗಿ ಜಗ್ಗಿದ್ದು. ದೊಡ್ಡ ಮೈದಾನದಲ್ಲಿ ಅದಕ್ಕೆ ಹಳದಿ ಕಾರ್ಡ್ ಬಂದರೂ ತಂಡದವರು ಬೆನ್ನು ತಟ್ಟುತ್ತಾರೆ. ಐದಾಯಿತು ಅಂತ ಅಂಗಳದ ಪಕ್ಕದಲ್ಲಿ ಫೌಲ್ ಲೆಕ್ಕ ಇಡುವ ಮೇಜಿನವರು ಗುರುತು ಇಟ್ಟಿದ್ದರು, ನಾನು ಆ ಕಡೆ ನೋಡಿರಲೇ ಇಲ್ಲ. ಮಧ್ಯವೃತ್ತದ ಹತ್ತಿರ ಅವರವನೊಬ್ಬ ನಮ್ಮ ಗೋಲಿಗೆ ಬೆನ್ನು ಹಾಕಿ ಚೆಂಡು ಹಿಡಿದು ನಿಂತಿದ್ದ. ಅವನಿಂದ ಯಾವ ಅಪಾಯವೂ ಇರಲಿಲ್ಲ. ಚೆಂಡು ಕಸಿಯಲು ಕಾಲು ಹಾಕಿದೆ, ಹಿಮ್ಮಡಿಗೆ ತಾಗಿತು. ಸೀಟಿ. ದೊಡ್ಡ ಮೈದಾನದಲ್ಲಿ ಗೋಲಿನಿಂದ 50 ಮೀಟರ್ ದೂರದ ಒಂದು ಸಾದಾ ಫ್ರೀ ಕಿಕ್ ಅದು. ಇಲ್ಲಿ 10 ಮೀಟರಿಗೆ ಬಂತು, 3-3 ಆಯಿತು.

ಅದಕ್ಕಿಂತ ಕೆಟ್ಟದ್ದು ಆಮೇಲಿನ ಐದು ನಿಮಿಷ. ಎಣಿಕೆ ಆರಕ್ಕೆ ನಿಲ್ಲುವುದಿಲ್ಲ, ಮುಂದಿನ ಪ್ರತಿ ಫೌಲಿಗೂ ಅದೇ ಶಿಕ್ಷೆ. ನಾವು ಕಾಲು ಹಾಕಲು ಹೆದರಿದೆವು, ಅದನ್ನು ನೋಡಿ ಅವರು ಒಬ್ಬೊಬ್ಬರಾಗಿ ನಮ್ಮ ಮೈಮೇಲೆಯೇ ಡ್ರಿಬಲ್ ಮಾಡಿಕೊಂಡು ಬಂದರು. ಸೋತೆವು.

ಐದು ಫೌಲ್ ಆದ ತಂಡ ಮಾಡಬೇಕಾಗಿದ್ದೇನು ಅಂತ ಆಮೇಲೆ ತಿಳಿಯಿತು. ಮೇಲೆ ಹೋಗಿ ಒತ್ತುವುದನ್ನು ಬಿಟ್ಟು ನಾಲ್ವರೂ ನಮ್ಮ ಅರ್ಧಕ್ಕೆ ಇಳಿಯಬೇಕು. ಚೆಂಡಿರುವವನಿಂದ ಒಂದು ತೋಳಿನಷ್ಟು ದೂರ ನಿಂತು ಅವನ ಗುರಿಗೆ ಮೈ ಅಡ್ಡ ಹಿಡಿಯಬೇಕು. ಕಾಲಿನಿಂದ ಕಸಿಯುವ ಆಸೆ ಬಿಟ್ಟು ಪಾಸ್ ಹೋಗುವ ದಾರಿಯಲ್ಲಿ ಕಾಯಬೇಕು. ಸುಸ್ತಾದವನೇ ತಡವಾಗಿ ಕಾಲು ಹಾಕುವುದು. ಎಷ್ಟು ಸಲ ಆಟಗಾರರನ್ನು ಬದಲಿಸಬಹುದು ಅನ್ನುವುದಕ್ಕೆ ಇಲ್ಲಿ ಮಿತಿಯಿಲ್ಲ, ಆಟ ನಿಲ್ಲುವ ತನಕ ಕಾಯಬೇಕಾಗಿಯೂ ಇಲ್ಲ, ಮೂರ್ನಾಲ್ಕು ನಿಮಿಷಕ್ಕೊಮ್ಮೆ ಹೊರಗೆ ಬಂದುಬಿಡಿ. ಪೂರ್ತಿ ಆಡುವುದೇ ಗಂಡಸುತನ ಅಂತ ನಾನು ಅಂಗಳದಲ್ಲೇ ಉಳಿದಿದ್ದೆ, ಆ ಹಿಮ್ಮಡಿ ಫೌಲ್ ಆಗಿದ್ದೂ ಅದಕ್ಕೇ ಇರಬೇಕು.

ಪಿವೊ ವಿಷಯಕ್ಕೆ ಇನ್ನೊಂದು ಮಾತು. ಅವನ ಬೆನ್ನಿಗೆ ಅಂಟಿ ನಿಂತರೆ ಅವನು ನಿಮ್ಮ ಮೇಲೆ ಒರಗಿ ತಿರುಗುತ್ತಾನೆ, ಇಲ್ಲವೇ ಬೀಳುತ್ತಾನೆ, ಎರಡೂ ಅವನಿಗೆ ಲಾಭ. ಅರ್ಧ ಹೆಜ್ಜೆ ಪಕ್ಕಕ್ಕೆ, ಪಾಸ್ ಬರುವ ಕಡೆಗೆ ನಿಂತು ಚೆಂಡು ಅವನನ್ನು ತಲುಪುವ ಮೊದಲೇ ಕಾಲು ಚಾಚಿ. ತಡವಾಯಿತು ಅನ್ನಿಸಿದರೆ ಚಾಚಬೇಡಿ, ಅವನಿಗೆ ಚೆಂಡು ಸಿಗಲಿ, ನೀವು ಗೋಲಿನ ಕಡೆಗೆ ಸರಿದು ನಿಲ್ಲಿ. ಹೊರಗೆ ಕೂತಿರುವ ಒಬ್ಬರಿಗೆ ಫೌಲ್ ಎಣಿಸುವ ಕೆಲಸ ಒಪ್ಪಿಸಿ, ನಾಲ್ಕಾದ ಕೂಡಲೇ ಕೂಗಿ ಹೇಳಲಿ. ನಮ್ಮ ತಂಡದಲ್ಲಿ ಈಗ ಆ ಕೆಲಸ ನನ್ನದೇ.