ಕೈಗೆ ಬರುವ ಸಂಬಳ ಮತ್ತು ಜೀವನಾಂಶದ ಲೆಕ್ಕ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಇಬ್ಬರು ಮಕ್ಕಳೊಂದಿಗೆ ತವರಿನಲ್ಲಿದ್ದೇನೆ. ಹೊಲಿಗೆಯಿಂದ ತಿಂಗಳಿಗೆ 9,000 ರೂಪಾಯಿ ಸಿಗುತ್ತದೆ. ಪತಿಯ ಒಟ್ಟು ಸಂಬಳ 78,000 ರೂಪಾಯಿ. ಆದರೆ ಕೈಗೆ ಬರುವುದು 34,000 ಮಾತ್ರ, ಅದರಲ್ಲಿ ವಯಸ್ಸಾದ ತಾಯಿಯನ್ನೂ ನೋಡಿಕೊಳ್ಳಬೇಕು ಎಂದು ಅವರು ಕೋರ್ಟಿಗೆ ಹೇಳಿದ್ದಾರೆ. ನಮಗೆ ಎಷ್ಟು ಜೀವನಾಂಶ ಸಿಗಬಹುದು?

ಉತ್ತರ: ಸಂಬಳ ಚೀಟಿಯ ಕೊನೆಯ ಸಾಲಿನಲ್ಲಿರುವ ಮೊತ್ತವನ್ನೇ ನ್ಯಾಯಾಲಯ ಆದಾಯವೆಂದು ಒಪ್ಪಿಕೊಳ್ಳುವುದಿಲ್ಲ. ಯಾವ ಕಡಿತ ಕಾನೂನಿನ ಪ್ರಕಾರ ಕಡ್ಡಾಯ, ಯಾವುದು ಉದ್ಯೋಗಿ ತಾನಾಗಿ ಒಪ್ಪಿಕೊಂಡದ್ದು ಎಂಬುದನ್ನು ಅದು ಬೇರ್ಪಡಿಸಿ ನೋಡುತ್ತದೆ. ನಿಮ್ಮ ಪತಿಯ ಚೀಟಿಯಲ್ಲಿ ಭವಿಷ್ಯ ನಿಧಿ ಮತ್ತು ವೃತ್ತಿ ತೆರಿಗೆ ಸೇರಿ ಸುಮಾರು 6,000 ಕಡ್ಡಾಯ ಕಡಿತವಿದೆ ಎಂದಿಟ್ಟುಕೊಳ್ಳೋಣ. ಉಳಿದ 38,000 ಸೊಸೈಟಿ ಸಾಲ, ಕಾರಿನ ಕಂತು, ವಿಮೆ ಮತ್ತು ಸ್ವಇಚ್ಛೆಯ ಉಳಿತಾಯಕ್ಕೆ ಹೋಗುತ್ತಿದ್ದರೆ, ಆ ಹಣ ಖರ್ಚಾಗುತ್ತಿಲ್ಲ, ಬಹುಪಾಲು ಅವರದೇ ಆಸ್ತಿಯಾಗಿ ಕೂಡುತ್ತಿದೆ. ಹಾಗಾಗಿ ಲೆಕ್ಕ 34,000ದಿಂದಲ್ಲ, 72,000ದಿಂದ ಆರಂಭವಾಗಬೇಕೆಂದು ನಿಮ್ಮ ವಕೀಲರು ವಾದಿಸಬಹುದು. ಅರ್ಜಿ ದಾಖಲಾದ ಮೇಲೆ ಹುಟ್ಟಿಕೊಂಡ ಸಾಲವಿದ್ದರೆ ಅನುಮಾನಕ್ಕೆ ಇನ್ನಷ್ಟು ಎಡೆಯಿದೆ; ಅರ್ಜಿಗೆ ಮುಂಚಿನ ಚೀಟಿಯನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿಟ್ಟರೆ ಇದು ತಾನೇ ಕಾಣುತ್ತದೆ. ಆದರೆ ನೀವು ಮತ್ತು ಮಕ್ಕಳು ವಾಸಿಸುವ ಮನೆಗೆಂದೇ ತೆಗೆದ ಸಾಲವಾಗಿದ್ದರೆ ಅದಕ್ಕೆ ತೂಕವಿದೆ.

ಇನ್ನು ಹಂಚಿಕೆ. ಪತ್ನಿಗೆ ಇಷ್ಟೇ ಶೇಕಡಾ ಎಂದು ಕಾನೂನು ಎಲ್ಲಿಯೂ ಹೇಳಿಲ್ಲ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿವ್ವಳ ಸಂಬಳದ ಶೇ 25ರಷ್ಟು ಪತ್ನಿಗೆ ನ್ಯಾಯಯುತವೆಂದಿತು. ಅದನ್ನೇ ನಿಯಮವೆಂಬಂತೆ ಹಲವರು ಉಲ್ಲೇಖಿಸುತ್ತಾರೆ, ಆದರೆ ಅದು ನಿಯಮವಲ್ಲ. ನನಗೆ ಹೆಚ್ಚು ಸರಿಯೆನಿಸುವುದು ದೆಹಲಿ ಹೈಕೋರ್ಟ್ 2004ರಲ್ಲಿ ಅನುಸರಿಸಿದ ಪಾಲಿನ ಕ್ರಮ: ದುಡಿಯುವವರ ಹೊರಗಿನ ಖರ್ಚನ್ನು ಗಮನಿಸಿ ಅವರಿಗೆ ಎರಡು ಪಾಲು, ಮನೆಯ ಉಳಿದ ಪ್ರತಿಯೊಬ್ಬರಿಗೆ ಒಂದೊಂದು. 72,000ಕ್ಕೆ ನಿಮ್ಮ 9,000 ಕೂಡಿಸಿದರೆ 81,000. ಪತಿಗೆ ಎರಡು, ನಿಮಗೆ, ಇಬ್ಬರು ಮಕ್ಕಳಿಗೆ ಮತ್ತು ಅತ್ತೆಯವರಿಗೆ ಒಂದೊಂದರಂತೆ ಆರು ಪಾಲಾದಾಗ ಒಂದೊಂದು ಪಾಲು 13,500. ನಿಮ್ಮ ಮೂವರ 40,500ರಲ್ಲಿ ನಿಮ್ಮ ಗಳಿಕೆ ಕಳೆದರೆ 31,500 ಉಳಿಯುತ್ತದೆ. ಪತಿ ಮತ್ತು ಅತ್ತೆಯವರಿಗೆ ಆಗಲೂ 40,500 ಉಳಿಯುತ್ತದೆ. ಇದು ವಾದಕ್ಕೆ ಒದಗುವ ಅಳತೆಯಷ್ಟೇ. ನ್ಯಾಯಾಧೀಶರು ಶಾಲಾ ಶುಲ್ಕ, ಔಷಧ ಮತ್ತು ಬಾಡಿಗೆಯ ರಸೀದಿಗಳನ್ನು ನೋಡಿ ಹೆಚ್ಚೂ ಕಡಿಮೆ ಮಾಡಬಹುದು. ತವರಿನಲ್ಲಿದ್ದೀರಿ ಎಂಬ ಕಾರಣಕ್ಕೆ ಬಾಡಿಗೆಯ ಬಾಬ್ತಿನಲ್ಲಿ ಕೇಳಿದ್ದಕ್ಕಿಂತ ಕಡಿಮೆ ಸಿಗುವ ಸಂಭವವೂ ಇದೆ.

ಹೊಲಿಗೆಯ ಆದಾಯವನ್ನು ದಯವಿಟ್ಟು ಮುಚ್ಚಿಡಬೇಡಿ. ಪತ್ನಿ ಒಂದಿಷ್ಟು ಗಳಿಸುತ್ತಾಳೆ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆ ಗಳಿಕೆ ಗಂಡನ ಮನೆಯಲ್ಲಿ ಬದುಕುತ್ತಿದ್ದ ರೀತಿಗೆ ಸಾಕಾಗುತ್ತದೆಯೇ ಎಂಬುದೇ ಪ್ರಶ್ನೆ. ಆದರೆ ಮುಚ್ಚಿಟ್ಟದ್ದು ಬಯಲಾದರೆ ನಿಮ್ಮ ಉಳಿದ ಮಾತನ್ನೂ ನಂಬುವುದು ಕಷ್ಟವಾಗುತ್ತದೆ. ಸುಪ್ರೀಂ ಕೋರ್ಟಿನ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ. ಪತಿ ಸಲ್ಲಿಸಿಲ್ಲವಾದರೆ ಮೊದಲು ಅದನ್ನೇ ಕೇಳಿ. ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ಈಗಾಗಲೇ ಹಣದ ಆದೇಶವಾಗಿದ್ದರೆ ಅದನ್ನೂ ತಿಳಿಸಬೇಕು, ಏಕೆಂದರೆ ಒಂದರ ಮೊತ್ತವನ್ನು ಇನ್ನೊಂದರಲ್ಲಿ ಹೊಂದಿಸಲಾಗುತ್ತದೆ.

ಅತ್ತೆಯವರ ಪಾಲನೆ ನಿಜವಾದ ಹೊಣೆಯೇ. ಅದನ್ನು ನೆಪವೆಂದು ತಳ್ಳಿಹಾಕಿದರೆ ವಾದ ದುರ್ಬಲವಾಗುತ್ತದೆ. ಆದರೆ ಅವರಿಗೆ ಕುಟುಂಬ ಪಿಂಚಣಿ ಬರುತ್ತಿದೆಯೇ, ದುಡಿಯುವ ಬೇರೆ ಮಕ್ಕಳಿದ್ದಾರೆಯೇ ಎಂದು ಕೇಳಬಹುದು. ಮದುವೆಯಾದ ಮಗಳಿಗೂ ತಂದೆತಾಯಿಯ ಪೋಷಣೆಯ ಹೊಣೆಯಿದೆ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಅತ್ತೆಯವರು ತಾವೇ ಕೇಳುವುದಾದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ನ್ಯಾಯಾಲಯಕ್ಕೆ ಹೋಗಬಹುದು, ಇಲ್ಲವೇ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು. ಎರಡನ್ನೂ ಒಟ್ಟಿಗೆ ಬಳಸುವಂತಿಲ್ಲ. ಆ ಕಾಯ್ದೆ ಮಾಸಿಕ ಮೊತ್ತಕ್ಕೆ 10,000 ರೂಪಾಯಿಯ ಮಿತಿ ಹಾಕಿದೆ. 144ನೇ ಕಲಮಿಗೆ ಅಂಥ ಮಿತಿ ಇಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ 500 ರೂಪಾಯಿಯ ಮಿತಿಯನ್ನು 2001ರಲ್ಲೇ ತೆಗೆಯಲಾಯಿತು.

ರಜನೇಶ್ ತೀರ್ಪಿನ ಪ್ರಕಾರ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ಆದ್ದರಿಂದ ಅಂತಿಮ ಆದೇಶ ತಡವಾದರೆ ಬಾಕಿ ಬೆಳೆಯುತ್ತದೆ, ಮಧ್ಯಂತರ ಜೀವನಾಂಶವನ್ನು ಈಗಲೇ ಕೇಳಿ. ಆದೇಶವಾದ ಮೇಲೂ ಹಣ ಬಾರದಿದ್ದರೆ ವಸೂಲಿ ಅರ್ಜಿಯನ್ನು ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಸಂಧಾನದ ಮಾತಿಗೆ ಕಾಯುತ್ತಾ ಈ ಗಡುವು ಕಳೆದುಕೊಂಡವರನ್ನು ನಾನು ಹಲವು ಬಾರಿ ಕಂಡಿದ್ದೇನೆ.